ಬ್ಯಾಂಕು ಹೇಳಿದ 23 ಲಕ್ಷದ ಲೆಕ್ಕ: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಮಗಳೇ,

ಕಾರವಾರದಲ್ಲಿ ನೋಡಿದ ಮನೆಗೆ ಬ್ಯಾಂಕಿನವರು 23 ಲಕ್ಷಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂದರೆಂದು ನೀನು ಫೋನಿನಲ್ಲಿ ಹೇಳಿದಾಗ ನಿನ್ನ ಧ್ವನಿ ಸಪ್ಪಗಾಗಿತ್ತು. ಆಯಿಗೂ ಅದು ಗೊತ್ತಾಯಿತು. ಇಪ್ಪತ್ತು ವರ್ಷ ಸಾಲದ ವಿಭಾಗದಲ್ಲಿ ಕುಳಿತವನು ನಾನು. ನಿನ್ನ ಸಂಬಳದ ಚೀಟಿ ಮುಂದಿಟ್ಟುಕೊಂಡು ಅವರ ಲೆಕ್ಕವನ್ನು ನಾನೂ ಮಾಡಿ ನೋಡಿದೆ. ಅವರದು ತಪ್ಪಿಲ್ಲ. ಆದರೆ ಆ ಅಂಕಿಯನ್ನು ಬದಲಿಸುವ ದಾರಿ ನಿನ್ನ ಕೈಯಲ್ಲೇ ಇದೆ.

ಭವಿಷ್ಯನಿಧಿ, ವೃತ್ತಿ ತೆರಿಗೆ ಎಲ್ಲ ಕಳೆದು ನಿನ್ನ ಕೈಗೆ ಬರುವುದು 60,000 ರೂಪಾಯಿ. ನಿನ್ನ ಬ್ಯಾಂಕು ಎಲ್ಲ ಸಾಲಗಳ ಕಂತು ಸೇರಿ ಅದರ ಅರ್ಧವನ್ನು ಮೀರಬಾರದು ಎನ್ನುತ್ತದೆ. ಈ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ, ಸಂಬಳದ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ. ಕೆಲವರು ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ. ಹಾಗಾಗಿ ಅದನ್ನು ಮೊದಲೇ ಕೇಳಿ ತಿಳಿಯಬೇಕು. ನಿನ್ನ ಮಟ್ಟಿಗೆ ಅರ್ಧವೆಂದರೆ 30,000. ಅದರಲ್ಲಿ ಸ್ಕೂಟರಿನ ಕಂತು 3,500, ಎರಡು ವರ್ಷದ ಹಿಂದೆ ತೆಗೆದುಕೊಂಡ ವೈಯಕ್ತಿಕ ಸಾಲದ ಕಂತು 6,500. ಉಳಿದ 20,000 ಮಾತ್ರ ಮನೆಯ ಸಾಲದ ಕಂತಿಗೆ.

ಇನ್ನು ಆ ಕಂತಿಗೆ ಎಷ್ಟು ಸಾಲ ಬರುತ್ತದೆ ಎಂಬುದು. ಶೇಕಡಾ 8.5 ಬಡ್ಡಿ, 20 ವರ್ಷದ ಅವಧಿಯಾದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಕಂತು ಬೀಳುತ್ತದೆ. 20,000ವನ್ನು 868ರಿಂದ ಭಾಗಿಸು. ಬರುವುದು 23 ಲಕ್ಷ. ಅವರು ನಿನಗೆ ಹೇಳಿದ್ದು ಇದನ್ನೇ.

ಈಗ ನಾನು ನಿನಗೆ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಈ ಲೆಕ್ಕ ನಿನ್ನ ಸಾಲ ಎಷ್ಟು ಉಳಿದಿದೆ ಎಂದು ಕೇಳುವುದಿಲ್ಲ, ತಿಂಗಳಿಗೆ ಎಷ್ಟು ಕಟ್ಟುತ್ತೀಯ ಎಂದು ಕೇಳುತ್ತದೆ. ನಿನ್ನ ವೈಯಕ್ತಿಕ ಸಾಲಕ್ಕೆ ಉಳಿದಿರುವುದು 14 ಕಂತು. ಶೇಕಡಾ 14ರ ಬಡ್ಡಿಯಲ್ಲಿ ಇವತ್ತು ತೀರಿಸುವುದಾದರೆ ಅಸಲು ಸುಮಾರು 84,000. ಅದನ್ನು ಕಟ್ಟಿಬಿಟ್ಟರೆ ತಿಂಗಳ 6,500 ಬಿಡುಗಡೆಯಾಗುತ್ತದೆ, ಮನೆಯ ಕಂತಿಗೆ 26,500 ಸಿಗುತ್ತದೆ. ಅದನ್ನು 868ರಿಂದ ಭಾಗಿಸಿದರೆ ಮೂವತ್ತೂವರೆ ಲಕ್ಷ. 84 ಸಾವಿರ ಕಟ್ಟಿದ್ದಕ್ಕೆ ಅರ್ಹತೆ ಏಳೂವರೆ ಲಕ್ಷದಷ್ಟು ಏರುತ್ತದೆ.

ಸ್ಕೂಟರಿನ ಸಾಲ ಮೊದಲು ತೀರಿಸೋಣವೇ ಎಂದು ನೀನು ಕೇಳಿದ್ದೆ. ಬೇಡ. ಅದಕ್ಕೆ ಇನ್ನೂ 24 ಕಂತಿದೆ. ತೀರಿಸಲು ಸುಮಾರು 76,000 ಬೇಕು, ಬಿಡುಗಡೆಯಾಗುವುದು 3,500 ಮಾತ್ರ, ಏರುವ ಅರ್ಹತೆ ನಾಲ್ಕು ಲಕ್ಷ. ಕಂತಿಗೆ ಹೋಲಿಸಿದರೆ ಬಾಕಿ ಕಡಿಮೆ ಇರುವ ಸಾಲವನ್ನೇ ಮೊದಲು ಮುಗಿಸಬೇಕು. ನನ್ನ ಮುಂದೆ ಎಷ್ಟೋ ಜನ ಇದರ ತದ್ವಿರುದ್ಧ ಮಾಡಿಕೊಂಡು ಬಂದು ಕುಳಿತಿದ್ದರು. ಅರ್ಜಿ ಹಾಕುವ ತಿಂಗಳಲ್ಲೇ ಫ್ರಿಡ್ಜು, ಮೊಬೈಲನ್ನು ಕಂತಿನಲ್ಲಿ ಕೊಂಡವರೂ ಇದ್ದರು. 2,000 ರೂಪಾಯಿಯ ಕಂತು ಎರಡು ಲಕ್ಷಕ್ಕೂ ಹೆಚ್ಚಿನ ಸಾಲವನ್ನು ಕಿತ್ತುಕೊಳ್ಳುತ್ತದೆ ಎಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯೂ ಹಾಗೆಯೇ. ಕಂತಿಲ್ಲದಿದ್ದರೂ ಹಲವು ಬ್ಯಾಂಕುಗಳು ಬಾಕಿಯ ಶೇಕಡಾ 5ನ್ನು ತಿಂಗಳ ಹೊರೆಯೆಂದೇ ಹಿಡಿಯುತ್ತವೆ. ಅರ್ಜಿಗೆ ಮುಂಚೆ ಅದನ್ನು ಪೂರ್ತಿ ಕಟ್ಟಿಬಿಡು.

ಆದರೆ ಮೂವತ್ತೂವರೆ ಲಕ್ಷ ಸಿಕ್ಕೇಬಿಟ್ಟಿತು ಎಂದುಕೊಳ್ಳಬೇಡ. ಮನೆಯ ಬೆಲೆಯದ್ದು ಬೇರೆ ಮಿತಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಬೆಲೆಯ ಶೇಕಡಾ 90ನ್ನು ಮೀರುವಂತಿಲ್ಲ, ಅದಕ್ಕೂ ಹೆಚ್ಚಿನ ಸಾಲವಾದರೆ 75 ಲಕ್ಷದವರೆಗೆ ಶೇಕಡಾ 80. ನಿನ್ನ ಮನೆಯ ಬೆಲೆ 32 ಲಕ್ಷ. ಸಿಗುವ ಸಾಲ ಹೆಚ್ಚೆಂದರೆ 28 ಲಕ್ಷ 80 ಸಾವಿರ. ಬ್ಯಾಂಕಿನ ಮೌಲ್ಯಮಾಪಕರು ಬೆಲೆ ಕಡಿಮೆ ಬರೆದರೆ ಅದೂ ಇಳಿಯುತ್ತದೆ. ಉಳಿದ 3 ಲಕ್ಷ 20 ಸಾವಿರ ಮತ್ತು ಮುದ್ರಾಂಕ, ನೋಂದಣಿಯ ಖರ್ಚು ನಿನ್ನ ಕೈಯಿಂದಲೇ ಹೋಗಬೇಕು. ಕಂತು ಸುಮಾರು 25,000 ಆಗುತ್ತದೆ. ಸ್ಕೂಟರಿನದ್ದೂ ಸೇರಿದರೆ 28,500. ಕೈಯಲ್ಲಿ 31,500 ಉಳಿಯುತ್ತದೆ. ಅದರಲ್ಲಿ ತಿಂಗಳು ತೂಗುತ್ತದೆಯೇ ಎಂದು ನೀನೇ ಒಂದು ಕಾಗದದ ಮೇಲೆ ಬರೆದು ನೋಡು. ಬಡ್ಡಿ ಏರಿದರೆ ಕಂತೋ ಅವಧಿಯೋ ಏರುತ್ತದೆ ಎಂಬುದೂ ನೆನಪಿರಲಿ.

84 ಸಾವಿರದ ಚಿಂತೆ ನಿನಗೆ ಬೇಡ. ಚಾಲಿ ಅಡಿಕೆ ಮಾರಾಟಕ್ಕೆ ಇಟ್ಟಿದ್ದೇನೆ, ಆ ಹಣ ಬಂದ ಕೂಡಲೇ ನಿನ್ನ ಖಾತೆಗೆ ಹಾಕುತ್ತೇನೆ. ತೋಟದ ಆದಾಯವನ್ನು ನಿನ್ನ ಸಂಬಳಕ್ಕೆ ಸೇರಿಸಿ ತೋರಿಸು ಎಂದು ಯಾರಾದರೂ ಹೇಳಿದರೆ ಕೇಳಬೇಡ, ಅದು ನನ್ನ ಹೆಸರಿನದು.

ನೀನು ಈಗ ಮಾಡಬೇಕಾದದ್ದು ಇಷ್ಟು. ವೈಯಕ್ತಿಕ ಸಾಲ ಕೊಟ್ಟವರಿಂದ ಮುಂಚಿತವಾಗಿ ತೀರಿಸಿದರೆ ಶುಲ್ಕವೆಷ್ಟು ಎಂದು ಬರವಣಿಗೆಯಲ್ಲಿ ಪಡೆ. ಕಟ್ಟಿದ ಮೇಲೆ ಬೇಬಾಕಿ ಪತ್ರ ತೆಗೆದುಕೊ. ಕ್ರೆಡಿಟ್ ವರದಿಯಲ್ಲಿ ಆ ಸಾಲ ಮುಗಿದದ್ದೆಂದು ಕಾಣಿಸಿದ ಮೇಲೆಯೇ ಹೊಸ ಅರ್ಜಿ ಕೊಡು. ಅಲ್ಲಿ ಇನ್ನೂ ಚಾಲ್ತಿಯಲ್ಲಿದೆ ಎಂದಿದ್ದರೆ ಲೆಕ್ಕ ಮತ್ತೆ 23 ಲಕ್ಷಕ್ಕೇ ಬಂದು ನಿಲ್ಲುತ್ತದೆ. ಭಾನುವಾರ ಬರುವಾಗ ಎರಡೂ ಸಾಲಗಳ ಖಾತೆ ವಿವರ ತಾ. ಆಯಿ ಅಪ್ಪೆಮಿಡಿ ಉಪ್ಪಿನಕಾಯಿ ಭರಣಿ ಕಟ್ಟಿಟ್ಟಿದ್ದಾಳೆ.

ಇಂತಿ,
ನಿನ್ನ ಅಪ್ಪ