ಪೆಡಲ್ ನಡುಗಿದರೆ ಕಾಲು ತೆಗೆಯಬೇಡಿ

ಸಂಪಾದಕರಿಗೆ,

ನಮಸ್ಕಾರ. ನಾನು ಕಟಪಾಡಿ ಹತ್ತಿರ ಗ್ಯಾರೇಜ್ ಇಟ್ಟುಕೊಂಡವನು. 22 ವರ್ಷದಿಂದ ಹೆಚ್ಚಾಗಿ ಬ್ರೇಕ್ ಕೆಲಸವನ್ನೇ ಮಾಡುತ್ತಿದ್ದೇನೆ. ಜೂನ್ ಮಳೆ ಹಿಡಿಯಿತು ಅಂದರೆ ನನ್ನಲ್ಲಿಗೆ ಒಂದು ಜಾತಿಯ ದೂರು ಬರಲು ಶುರುವಾಗುತ್ತದೆ. "ಬ್ರೇಕ್ ಸರಿ ಇಲ್ಲ, ಒತ್ತಿದರೆ ಕಾಲಿಗೇ ಒದೆಯುತ್ತದೆ." ಈ ಸಲ ಬಂದ ಒಂದು ಕಾರಿನ ವಿಷಯವನ್ನು ನಿಮ್ಮ ಓದುಗರಿಗೆ ಪೂರ್ತಿ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಪತ್ರ.

ಕಾರಿನ ಯಜಮಾನರು ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರು. ಸಂಜೆ ಉಡುಪಿ ಕಡೆ ಬರುತ್ತಿದ್ದರು. ಪಡುಬಿದ್ರಿ ದಾಟಿದ ಮೇಲೆ ಜೋರು ಮಳೆ. ವೇಗ 80ರ ಹತ್ತಿರ. ಬಲ ಲೇನಿನಲ್ಲಿ ಒಂದು ಟೆಂಪೋ, ಡಿವೈಡರ್ ತೆರೆದಿರುವ ಕಡೆ ಯು-ಟರ್ನ್ ತೆಗೆಯಲು ನಿಂತಿತ್ತು. ಇವರು ಬ್ರೇಕ್ ಒತ್ತಿದರು. ಪೆಡಲ್ ಕಟಕಟ ಅಂತ ನಡುಗಿತು, ಬಾನೆಟ್ ಒಳಗಿಂದ ಕರಕರ ಸದ್ದು ಬಂತು. ಏನೋ ಮುರಿಯಿತು ಅಂತ ಹೆದರಿ ಕಾಲು ಎತ್ತಿಬಿಟ್ಟರು. ಮತ್ತೆ ಒತ್ತಿದರು. ಅಷ್ಟರಲ್ಲಿ ಟೆಂಪೋದ ಹಿಂದಿನ ಮೂಲೆಗೆ ತಾಗಿ ಬಲಗಡೆ ಫೆಂಡರ್, ಹೆಡ್‌ಲೈಟ್ ಎಲ್ಲ ಕಿತ್ತು ಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರ ದಯೆ.

ಗ್ಯಾರೇಜಿಗೆ ಬಂದವರು ಒಂದೇ ಉಸಿರಿಗೆ ಮೂರು ದೂರು ಹೇಳಿದರು. "ಮಾರಾಯ್ರೆ, ಎಬಿಎಸ್ ಇದ್ದೂ ಬ್ರೇಕ್ ಫೇಲ್ ಆಯ್ತು. ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಅದೆಂಥದೋ ಇಎಸ್‌ಸಿ ಅಂತೆ, ಅದಕ್ಕೂ ದುಡ್ಡು ಕೊಟ್ಟಿದ್ದೇನೆ, ಅದೂ ಕೆಲಸ ಮಾಡಲಿಲ್ಲ."

ಸ್ಕ್ಯಾನರ್ ಹಾಕಿ ನೋಡಿದೆ. ಒಂದೂ ಫಾಲ್ಟ್ ಕೋಡ್ ಇಲ್ಲ. ಬ್ರೇಕ್ ಆಯಿಲ್ ಸರಿ ಇದೆ, ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ. ಮೂರೂ ವ್ಯವಸ್ಥೆ ಸರಿಯಾಗಿಯೇ ಇದ್ದವು. ಆದರೆ ಅವರು ಅವುಗಳಿಂದ ಏನು ನಿರೀಕ್ಷಿಸಿದ್ದರೋ ಅದು ಅವುಗಳ ಕೆಲಸವೇ ಆಗಿರಲಿಲ್ಲ.

ಮೊದಲು ಎಬಿಎಸ್. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರತೊಡಗಿದರೆ ಅದಕ್ಕೆ ನಾವು ಲಾಕ್ ಆಗುವುದು ಅನ್ನುತ್ತೇವೆ. ಲಾಕ್ ಆದ ಚಕ್ರವನ್ನು ಸ್ಟೀರಿಂಗ್‌ನಿಂದ ಎಷ್ಟು ತಿರುಗಿಸಿದರೂ ಕಾರು ನೇರವೇ ಹೋಗುತ್ತದೆ. ಇದನ್ನು ತಪ್ಪಿಸಲಿಕ್ಕೆ ಪ್ರತಿ ಚಕ್ರದ ಹತ್ತಿರ ಒಂದು ಸೆನ್ಸರ್ ಇದೆ. ಒಂದು ಚಕ್ರ ಉಳಿದವುಗಳಿಗಿಂತ ಗಕ್ಕನೆ ನಿಧಾನವಾದರೆ ಎಬಿಎಸ್ ಆ ಚಕ್ರದ ಬ್ರೇಕನ್ನು ಸ್ವಲ್ಪ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಹತ್ತು ಹದಿನೈದು ಸಲ. ಹೀಗೆ ಬಿಟ್ಟ ಆಯಿಲನ್ನು ಒಂದು ಪುಟ್ಟ ಪಂಪು ವಾಪಸ್ ಮಾಸ್ಟರ್ ಸಿಲಿಂಡರಿಗೆ ತಳ್ಳುತ್ತದೆ. ಕಾಲಿಗೆ ಒದ್ದ ಹಾಗೆ ಆಗುವುದು ಅದೇ. ಆ ಕರಕರ ಸದ್ದು ಪಂಪಿನದ್ದು. ಅಂದರೆ ಪೆಡಲ್ ನಡುಗಿದಾಗಲೇ ಅದು ನಿಮಗೋಸ್ಕರ ದುಡಿಯುತ್ತಿರುತ್ತದೆ. ಆಗ ಮಾಡಬೇಕಾದ್ದು ಒಂದೇ, ಇನ್ನೂ ಗಟ್ಟಿ ಒತ್ತುವುದು. ಹಳೇ ಕಾಲದಲ್ಲಿ ನಮ್ಮ ಉಸ್ತಾದರು "ಒತ್ತಿ ಬಿಡು, ಒತ್ತಿ ಬಿಡು" ಅಂತ ಕಲಿಸುತ್ತಿದ್ದರು. ಎಬಿಎಸ್ ಇಲ್ಲದ ಗಾಡಿಗೆ ಅದು ಸರಿ. ಇದ್ದ ಗಾಡಿಯಲ್ಲಿ ಹಾಗೆ ಮಾಡಿದರೆ ನಿಲ್ಲುವ ದೂರ ಸುಮ್ನೆ ಜಾಸ್ತಿ ಆಗುತ್ತದೆ.

ಎಷ್ಟು ಜಾಸ್ತಿ ಅಂತ ಆ ಯಜಮಾನರ ಜೊತೆ ಕೂತು ಪೇಪರಿನಲ್ಲಿ ಲೆಕ್ಕ ಹಾಕಿದೆ. 80ರಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣಿಗೆ ಟೆಂಪೋ ಬಿದ್ದು ಕಾಲು ಪೆಡಲಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿಯುತ್ತದೆ. ಆಮೇಲೆ ಒದ್ದೆ ಡಾಮರಿನಲ್ಲಿ, ಒಳ್ಳೆಯ ಟಯರ್ ಇದ್ದರೆ, ನಿಲ್ಲಲು ಸುಮಾರು 50 ಮೀಟರ್ ಬೇಕು. ಇವರು ಕಾಲು ತೆಗೆದಾಗ ವೇಗ 60 ಇತ್ತು ಅಂತಿಟ್ಟುಕೊಳ್ಳಿ. ಬರೀ ಅರ್ಧ ಸೆಕೆಂಡ್ ತೆಗೆದರೂ 8 ಮೀಟರ್ ಬ್ರೇಕಿಲ್ಲದೆ ಹೋಯಿತು. ಎಂಟು ಮೀಟರ್ ಏನು ಮಹಾ ಅಂತ ಅವರು ಕೇಳಿದರು. ನಿಲ್ಲುವುದಕ್ಕೆ ಇನ್ನು 8 ಮೀಟರ್ ಬಾಕಿ ಇದೆ ಅನ್ನುವಾಗ ಕಾರಿನ ವೇಗ ಸೊನ್ನೆಯ ಹತ್ತಿರ ಇರುವುದಿಲ್ಲ, 30ರ ಮೇಲೆಯೇ ಇರುತ್ತದೆ. ಟೆಂಪೋದ ಹಿಂದೆ ಒಂದು ಮಾರು ದೂರದಲ್ಲಿ ನಿಲ್ಲಬೇಕಾದ ಕಾರು 30ರ ವೇಗದಲ್ಲಿ ಬಡಿಯುವುದು ಹೀಗೆ.

ಇನ್ನೊಂದು ವಿಷಯ ಕೇಳಿದೆ. "ಎಡ ಲೇನ್ ಖಾಲಿ ಇತ್ತಾ ಸರ್?" ಖಾಲಿ ಇತ್ತಂತೆ. "ಸ್ಟೀರಿಂಗ್ ತಿರುಗಿಸಿದಿರಾ?" ಇಲ್ಲ. ಎಬಿಎಸ್‌ನ ನಿಜವಾದ ಉಪಯೋಗ ಇರುವುದೇ ಅಲ್ಲಿ. ಗಟ್ಟಿ ಬ್ರೇಕ್ ಒತ್ತಿ ಹಿಡಿದೇ ಎಡಕ್ಕೆ ತಿರುಗಿಸಬಹುದು, ಕಾರು ಮಾತು ಕೇಳುತ್ತದೆ. ಕಾರನ್ನು ಚಿಕ್ಕ ಜಾಗದಲ್ಲಿ ನಿಲ್ಲಿಸಿಕೊಡುತ್ತೇನೆ ಅಂತ ಅದು ಎಲ್ಲೂ ಮಾತು ಕೊಟ್ಟಿಲ್ಲ. ಹೆದ್ದಾರಿ ಕೆಲಸ ನಡೆಯುವ ಕಡೆ ಜಲ್ಲಿ ಹರಡಿರುತ್ತದಲ್ವಾ, ಅಂಥ ಸಡಿಲ ನೆಲದಲ್ಲಿ ಎಬಿಎಸ್ ಇರುವ ಕಾರು ನಿಲ್ಲಲು ಇನ್ನೂ ಜಾಸ್ತಿ ದೂರವೇ ತೆಗೆದುಕೊಳ್ಳಬಹುದು. ಲಾಕ್ ಆದ ಚಕ್ರ ಜಲ್ಲಿಯನ್ನು ಮುಂದಕ್ಕೆ ರಾಶಿ ಮಾಡಿ ಅದಕ್ಕೇ ತಡೆದು ನಿಲ್ಲುತ್ತದೆ, ತಿರುಗುವ ಚಕ್ರಕ್ಕೆ ಆ ತಡೆ ಸಿಗುವುದಿಲ್ಲ.

ಟಯರಿಗೆ ಟಾರ್ಚ್ ಹಾಕಿ ನೋಡಿದೆ. ಟಯರಿನ ಮೇಲಿನ ಆ ಉದ್ದದ ಗೀರಿನೊಳಗೆ ಅಲ್ಲಲ್ಲಿ ಅಡ್ಡಕ್ಕೆ ಚಿಕ್ಕ ರಬ್ಬರ್ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಸವೆದು ಆ ದಿಣ್ಣೆಗೆ ಸಮ ಬಂತು ಅಂದರೆ ಅದರ ಆಯುಸ್ಸು ಮುಗಿಯಿತು. ಇವರ ಮುಂದಿನ ಎರಡೂ ಟಯರ್ ಸಮ ಬಂದಿದ್ದವು. ಆ ಟಯರಿನಲ್ಲಿ ನಮ್ಮ ಕರಾವಳಿ ಮಳೆಯಲ್ಲಿ 50 ಮೀಟರ್ ಹೋಗಿ 60 ದಾಟುತ್ತದೆ. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಟಯರ್ ನೀರಿನ ಮೇಲೆ ತೇಲಿದರೆ ಎಬಿಎಸ್‌ಗೆ ಹಿಡಿಯಲು ರಸ್ತೆಯೇ ಇಲ್ಲ.

ಏರ್‌ಬ್ಯಾಗ್ ಯಾಕೆ ಬಿಚ್ಚಿಕೊಳ್ಳಲಿಲ್ಲ? ಏರ್‌ಬ್ಯಾಗಿನ ಕಂಪ್ಯೂಟರ್ ನೋಡುವುದು ಬಂಪರ್ ಎಷ್ಟು ಪುಡಿಯಾಯಿತು ಅಂತಲ್ಲ, ಕಾರು ಎಷ್ಟು ಗಕ್ಕನೆ ನಿಂತಿತು ಅಂತ. ಇವರ ಕಾರು ಮೂಲೆಗೆ ತಾಗಿ, ಟೆಂಪೋವನ್ನು ಉಜ್ಜಿಕೊಂಡು ಮುಂದೆ ಹೋಗಿ ನಿಂತಿದೆ. ತಗಡು ಬಹಳ ಹಾಳಾಗಿದೆ, ಆದರೆ ಒಳಗಿದ್ದವರಿಗೆ ಬಿದ್ದ ಎಳೆತ ಬೆಲ್ಟ್ ತಡೆಯುವಷ್ಟೇ. ಬೆಲ್ಟ್ ತಡೆಯಿತು ಕೂಡ, ಎದೆ ಮೇಲೆ ಅದರ ಗೀರು ಇತ್ತು. ಹಿಂದಿನಿಂದ ಬಂದು ಗುದ್ದಿದರೂ ಮುಂದಿನ ಏರ್‌ಬ್ಯಾಗ್ ಸಾಮಾನ್ಯವಾಗಿ ಬಿಚ್ಚಿಕೊಳ್ಳುವುದಿಲ್ಲ, ಬಿಚ್ಚಿಕೊಂಡು ಪ್ರಯೋಜನವೂ ಇಲ್ಲ.

ಏರ್‌ಬ್ಯಾಗ್ ಮೆತ್ತಗಿನ ದಿಂಬು ಅಂದುಕೊಂಡವರು ಬಹಳ ಜನ. ಅದು ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಉಬ್ಬಿ ಮುಗಿಯುತ್ತದೆ. ಬೆಲ್ಟ್ ಹಾಕಿದವರ ಎದೆ ಅದರ ಹತ್ತಿರ ಬರುವಾಗ ಅದು ತುಂಬಿ ತಯಾರಾಗಿರುತ್ತದೆ. ಬೆಲ್ಟ್ ಇಲ್ಲದವರು ಬ್ರೇಕ್ ಬಿದ್ದ ಕೂಡಲೇ ಮುಂದಕ್ಕೆ ಬಂದಿರುತ್ತಾರೆ, ಅದು ಉಬ್ಬುವಾಗಲೇ ಮುಖ ಕೊಡುತ್ತಾರೆ. ಬೆಲ್ಟಿನ ಅಲಾರಂ ಬಾಯಿ ಮುಚ್ಚಿಸಲು ಸಿಕ್ಕಿಸುವ ತಗಡಿನ ಕ್ಲಿಪ್ ವಾರಕ್ಕೊಂದಾದರೂ ನನ್ನ ಕಣ್ಣಿಗೆ ಬೀಳುತ್ತದೆ. ಇನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಮಗು. ಇದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ಮಗುವಿನ ತಲೆ ಸರಿಯಾಗಿ ಏರ್‌ಬ್ಯಾಗಿನ ಬಾಯಿಯಲ್ಲಿರುತ್ತದೆ. ದಯವಿಟ್ಟು ಹಿಂದೆ ಕೂರಿಸಿ, ಮಕ್ಕಳ ಸೀಟಿನಲ್ಲಿ. ಡ್ರೈವ್ ಮಾಡುವವರೂ ಸ್ಟೀರಿಂಗಿನಿಂದ ಎದೆಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ, ಕಡಿಮೆ ಅಂದರೂ 25 ಸೆಂಟಿಮೀಟರ್, ಜಾಗ ಬಿಡಿ.

ಮೂರನೇ ದೂರು ಇಎಸ್‌ಸಿಯದ್ದು. ಇದು ಎಬಿಎಸ್‌ನ ಪಂಪು, ಸೆನ್ಸರ್‌ಗಳನ್ನೇ ಬಳಸುತ್ತದೆ. ಜೊತೆಗೆ ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಅಂತ ನೋಡುವ ಸೆನ್ಸರ್ ಇವೆ. ಎರಡೂ ತಾಳೆಯಾಗದಿದ್ದರೆ ಒಂದೇ ಒಂದು ಚಕ್ರಕ್ಕೆ ತಾನೇ ಬ್ರೇಕ್ ಹಾಕುತ್ತದೆ, ಇಂಜಿನ್ ಜೋರನ್ನೂ ಇಳಿಸುತ್ತದೆ. ಎಡ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿತು ಅನ್ನಿ, ಮುಂದಿನ ಬಲ ಚಕ್ರಕ್ಕೆ ಬ್ರೇಕ್ ಬೀಳುತ್ತದೆ, ಹಿಂಭಾಗ ಮತ್ತೆ ಸಾಲಿಗೆ ಬರುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರ ಮಿಣುಕುತ್ತದೆ. ಪಡುಬಿದ್ರಿಯಲ್ಲಿ ಇವರು ಸ್ಟೀರಿಂಗ್ ತಿರುಗಿಸಲೇ ಇಲ್ಲ, ಕಾರು ನೇರ ಹೋಯಿತು. ಅದು ಮಾಡುವ ಕೆಲಸವೇ ಇರಲಿಲ್ಲ.

ಇಎಸ್‌ಸಿ ಇದೆ ಅಂತ ಆಗುಂಬೆ ಘಾಟಿಯಲ್ಲಿ ಧೈರ್ಯ ಮಾಡುವವರಿಗೆ ಒಂದು ಮಾತು. 15 ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಒದ್ದೆ ರಸ್ತೆಯಲ್ಲಿ ಸುಮಾರು 30ರ ವೇಗದಲ್ಲಿ ತೆಗೆಯಬಹುದು, ಅದಕ್ಕಿಂತ ಮೇಲೆ ಟಯರಿಗೆ ಹಿಡಿತವೇ ಸಾಲದು. 45ರಲ್ಲಿ ನುಗ್ಗಿದ ಕಾರನ್ನು ಯಾವ ಇಎಸ್‌ಸಿಯೂ ಒಳಗೆ ಎಳೆದು ತರುವುದಿಲ್ಲ.

ನಿಮ್ಮ ಕಾರಿನಲ್ಲಿ ಇವು ಸರಿ ಇವೆಯಾ ಅಂತ ತಿಳಿಯಲು ಗ್ಯಾರೇಜ್ ಬೇಡ. ಕೀ ಆನ್ ಮಾಡಿದಾಗ ಎಬಿಎಸ್, ಏರ್‌ಬ್ಯಾಗ್, ಇಎಸ್‌ಸಿ ಲ್ಯಾಂಪ್‌ಗಳು ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಎಬಿಎಸ್ ಲ್ಯಾಂಪ್ ಆರದಿದ್ದರೆ ಬ್ರೇಕ್ ಹಿಡಿಯುತ್ತದೆ, ಆದರೆ ಚಕ್ರ ಲಾಕ್ ಆಗಬಹುದು. ನಮ್ಮ ಕಡೆ ಹೆಚ್ಚಾಗಿ ಸೆನ್ಸರಿಗೆ ಕೆಸರು, ತುಕ್ಕು, ಇಲ್ಲವೇ ಇಲಿ ಕಡಿದ ವಯರ್. ಕೆಂಪು ಬ್ರೇಕ್ ಲ್ಯಾಂಪೂ ಜೊತೆಗೆ ಹತ್ತಿದ್ದರೆ ಗಾಡಿ ಓಡಿಸಬೇಡಿ. ಸೆಕೆಂಡ್ ಹ್ಯಾಂಡ್ ಕಾರು ನೋಡುವಾಗ ಏರ್‌ಬ್ಯಾಗ್ ಲ್ಯಾಂಪ್ ಹತ್ತುವುದೇ ಇಲ್ಲವಾ? ಆ ಕಾರು ಬೇಡ. ದೋಷ ಮುಚ್ಚಲು ಯಾರೋ ಲ್ಯಾಂಪ್ ಕಿತ್ತಿರಬಹುದು.

ಟಯರ್ ಬದಲಿಸಿದ ಮೇಲೆ ಆ ಯಜಮಾನರನ್ನು ಒಂದು ಖಾಲಿ ಮೈದಾನದ ರಸ್ತೆಗೆ ಕರೆದುಕೊಂಡು ಹೋದೆ. ಮಳೆ ನಿಂತು ನೆಲ ಒದ್ದೆ ಇತ್ತು. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 40ರಲ್ಲಿ ಹೋಗಿ ಪೂರ್ತಿ ಬಲದಿಂದ ಬ್ರೇಕ್ ಒತ್ತಲು ಹೇಳಿದೆ. ಮೊದಲ ಸಲ ಪೆಡಲ್ ನಡುಗಿದ್ದೇ ಅವರ ಕಾಲು ತಾನಾಗಿ ಮೇಲೆ ಬಂತು. ಎರಡನೇ ಸಲವೂ ಸ್ವಲ್ಪ ಸಡಿಲವಾಯಿತು. ನಾಲ್ಕನೇ ಸಲ ಹಿಡಿದೇ ಇಟ್ಟರು, ಹಿಡಿದಿಟ್ಟೇ ಎಡಕ್ಕೆ ತಿರುಗಿಸಿದರು, ಕಾರು ತಿರುಗಿತು. ಒಟ್ಟು ಹತ್ತು ನಿಮಿಷದ ಕೆಲಸ. ಡ್ರೈವಿಂಗ್ ಸ್ಕೂಲಿನವರು ಕಲಿಯುವವರಿಗೆ, ಶೋರೂಮಿನವರು ಹೊಸ ಕಾರಿನ ಕೀ ಕೊಡುವ ದಿನ, ಈ ಹತ್ತು ನಿಮಿಷ ಕೊಡಬೇಕು ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇತಿ,
ಒಬ್ಬ ಗ್ಯಾರೇಜ್ ಮೆಕ್ಯಾನಿಕ್,
ಕಟಪಾಡಿ, ಉಡುಪಿ