ಮಾತ್ರೆ ಪಟ್ಟಿಯ ಫೋಟೋ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಮಾತ್ರೆ ಪಟ್ಟಿಯ, ಅಂದರೆ ಸ್ಟ್ರಿಪ್‌ನ, ಫೋಟೋ ಹಾಕಿ "ಇದು ತಗೋಬಹುದಾ?" ಅಂತ ಕೇಳುವುದು ಜಾಸ್ತಿಯಾಗಿದೆ. ಮೊದಲು ಫೋಟೋ ಸರಿಯಾಗಿ ಬರಲಿ.

ಬ್ಯಾಚ್ ನಂಬರು, ಎಕ್ಸ್‌ಪೈರಿ ಎಷ್ಟೋ ಪಟ್ಟಿಗಳಲ್ಲಿ ಶಾಯಿಯಲ್ಲಿ ಇರುವುದಿಲ್ಲ, ಅಂಚಿನಲ್ಲಿ ಒತ್ತಿರುತ್ತಾರೆ. ಫ್ಲ್ಯಾಶ್ ಹಾಕಿದರೆ ಹಾಳೆ ಹೊಳೆದು ಏನೂ ಕಾಣುವುದಿಲ್ಲ. ಫ್ಲ್ಯಾಶ್ ಆರಿಸಿ, ಬೆಳಕು ಪಕ್ಕದಿಂದ ಬೀಳುವಂತೆ ಪಟ್ಟಿಯನ್ನು ಸ್ವಲ್ಪ ಓರೆ ಹಿಡಿಯಿರಿ. ಆಗಲೂ 3 ಮತ್ತು 8 ಒಂದೇ ಥರ ಕಾಣಬಹುದು. ಉತ್ತರ ಹೇಳುವವರು ಅನುಮಾನ ಬಂದರೆ ಊಹಿಸಬೇಡಿ, ಇನ್ನೊಂದು ಫೋಟೋ ಕೇಳಿ. ಕತ್ತರಿಸಿದ ಪಟ್ಟಿಯಲ್ಲಿ ಆ ಅಂಚೇ ಹೋಗಿದ್ದರೆ ದಿನಾಂಕ ಗೊತ್ತಿಲ್ಲ ಅಂತಲೇ ಲೆಕ್ಕ. ತಿಂಗಳು, ವರ್ಷ ಮಾತ್ರ ಇದ್ದರೆ, ಅಂದರೆ 08/2027 ಅಂತಿದ್ದರೆ, ಸಾಮಾನ್ಯವಾಗಿ ಆ ಆಗಸ್ಟ್ ಮುಗಿಯುವವರೆಗೆ.

ಈಗ ಡೋಸ್ ವಿಷಯ. "ಪ್ಯಾರಾಸಿಟಮಾಲ್ 650 ಮಿ.ಗ್ರಾಂ" ಅಂದರೆ ಒಂದು ಮಾತ್ರೆಯಲ್ಲಿ ಅಷ್ಟಿದೆ ಅಂತ. ದಿನಕ್ಕೆ ಎಷ್ಟು ನುಂಗಬೇಕು ಅನ್ನುವುದು ಅದರಲ್ಲಿಲ್ಲ. ಹಿಂಬದಿಯ ಸಣ್ಣಕ್ಷರವನ್ನೂ ಓದಿ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಅಂತ ಎರಡೂ ನುಂಗಿದರೆ ಒಂದೇ ಔಷಧ ಎರಡು ಸಲ ಹೋಗುತ್ತದೆ, ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು.

ಫೋಟೋ ನೋಡಿ ಹೇಳಲಾಗದ್ದೂ ಇದೆ. ಔಷಧ ಅಸಲಿಯೋ ನಕಲಿಯೋ, ಬಿಸಿಲಲ್ಲಿ ಬಿದ್ದಿತ್ತೋ, ನಿಮ್ಮ ತೂಕಕ್ಕೆ, ಕಿಡ್ನಿಗೆ, ಬೇರೆ ಮಾತ್ರೆಗಳ ಜೊತೆಗೆ ಹೊಂದುತ್ತದೋ, ಯಾವುದೂ ಗೊತ್ತಾಗುವುದಿಲ್ಲ. ಅಂಥದ್ದಕ್ಕೆ ಇಲ್ಲಿ ಯಾರೂ "ತಗೊಳ್ಳಿ" ಅನ್ನಬೇಡಿ. ಫೋಟೋ ಹಾಕಿದವರು ಪಟ್ಟಿ ಹಿಡಿದು ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳಲಿ.