ಆ ಲೋಟ ನನ್ನ ಕೈಯಿಂದ ಜಾರಲೇ ಇಲ್ಲ

ಪ್ರೀತಿಯ ತಂಗಿಗೆ,

ನಿನ್ನ ಪ್ರಬಂಧ ತಲುಪಿತು, ಎರಡು ಸಲ ಓದಿದೆ. ಅಪ್ಪು ತೀರಿಕೊಂಡ ದಿನವನ್ನು ಬರೆದಿರುವ ಮೂರನೇ ಪುಟ ಇಡೀ ಬರಹದಲ್ಲೇ ಜೀವವಿರುವ ಭಾಗ. ತಟ್ಟೆಯಲ್ಲಿ ಅರ್ಧ ಉಳಿದ ಉಪ್ಪಿಟ್ಟು, ಟಿವಿಯ ಕೆಳಗೆ ಓಡುವ ಕೆಂಪು ಪಟ್ಟಿ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತುಬಿಟ್ಟ ಅಮ್ಮ. ಜೊತೆಗಿಟ್ಟ ಚೀಟಿಯಲ್ಲಿ, ‘ಬೇರೆಲ್ಲ ಮಸುಕಾಗಿದೆ ಅಣ್ಣ, ಇದೊಂದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ, ಇಲ್ಲಿ ಒಂದಕ್ಷರವೂ ಕಲ್ಪನೆಯಲ್ಲ’ ಅಂತ ಬೇರೆ ಬರೆದಿದ್ದೀಯ.

ಅಲ್ಲೇ ನನಗೆ ತಡೆದದ್ದು. 2021ರ ಅಕ್ಟೋಬರ್ 29, ಶುಕ್ರವಾರ. ಅವತ್ತು ಬೆಳಿಗ್ಗೆ ಪುನೀತ್ ವ್ಯಾಯಾಮ ಮಾಡಿದ್ದರು, ಆಮೇಲೆ ಎದೆನೋವು ಬಂತು, ಆಸ್ಪತ್ರೆಗೆ ಕರೆದೊಯ್ದರು. ಸಾವಿನ ಸುದ್ದಿ ಖಚಿತವಾದದ್ದು ಮಧ್ಯಾಹ್ನ. ತಿಂಡಿಯ ಹೊತ್ತಿಗೆ ಯಾವ ಚಾನೆಲ್ಲಿನಲ್ಲೂ ಆ ಕೆಂಪು ಪಟ್ಟಿ ಓಡಿರಲಾರದು. ನೀನು ಸುಳ್ಳು ಬರೆದಿದ್ದೀಯ ಅಂತ ನಾನು ಹೇಳುತ್ತಿಲ್ಲ. ಉಪ್ಪಿಟ್ಟೂ ನಿಜ, ಸೌಟೂ ನಿಜ ಇರಬಹುದು, ಆದರೆ ಮರುದಿನದ್ದು. ಶನಿವಾರ ಬೆಳಿಗ್ಗೆ ಎಲ್ಲರ ಮನೆಯಲ್ಲೂ ಕಂಠೀರವ ಸ್ಟೇಡಿಯಂನ ಸಾಲು ಟಿವಿಯಲ್ಲಿ ಬರುತ್ತಲೇ ಇತ್ತಲ್ಲ.

ಇಂಥ ನೆನಪಿಗೆ ಮನಶ್ಶಾಸ್ತ್ರದಲ್ಲಿ ಫ್ಲ್ಯಾಶ್‌ಬಲ್ಬ್ ಮೆಮೊರಿ ಅನ್ನುತ್ತಾರೆ. ಹೆಸರಿಟ್ಟವರು ಅಮೆರಿಕದ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್, 1977ರಲ್ಲಿ. ಅಧ್ಯಕ್ಷ ಕೆನಡಿ ಹತ್ಯೆಯ ಸುದ್ದಿ ಕೇಳಿದಾಗ ನೀವೆಲ್ಲಿದ್ದಿರಿ ಅಂತ ಕೇಳಿದರೆ, ಹದಿಮೂರು ವರ್ಷ ಕಳೆದಿದ್ದರೂ ಜನ ಥಟ್ಟನೆ ಹೇಳುತ್ತಿದ್ದರು: ಯಾರು ಹೇಳಿದರು, ತಾವೇನು ಮಾಡುತ್ತಿದ್ದೆವು, ಪಕ್ಕದಲ್ಲಿ ಯಾರಿದ್ದರು. ಹಳೇ ಸ್ಟುಡಿಯೋದಲ್ಲಿ ಫಕ್ಕನೆ ಬಲ್ಬು ಹೊತ್ತಿ ಎದುರಿಗಿದ್ದದ್ದೆಲ್ಲ ಫಿಲ್ಮಿಗಿಳಿದ ಹಾಗೆ, ಆಘಾತದ ಗಳಿಗೆಯನ್ನು ಮಿದುಳು ಅಚ್ಚೊತ್ತಿಕೊಳ್ಳುತ್ತದೆ ಅನ್ನುವುದು ಅವರ ಊಹೆ. ಒಂದೇ ಕೊರತೆ, ಜನ ಹೇಳಿದ್ದು ನಿಜವೇ ಅಂತ ತಾಳೆ ನೋಡಲು ಅವರ ಹತ್ತಿರ ಏನೂ ಇರಲಿಲ್ಲ.

ತಾಳೆ ನೋಡುವ ಉಪಾಯ ಹೊಳೆದದ್ದು ಎಮೊರಿ ವಿಶ್ವವಿದ್ಯಾಲಯದ ಉಲ್ರಿಕ್ ನೈಸರ್‌ಗೆ. ಅವರಿಗೆ ಸ್ವಂತ ಅನುಮಾನವೂ ಇತ್ತು. ಹುಡುಗನಾಗಿದ್ದಾಗ, 1941ರ ಡಿಸೆಂಬರ್ 7ರಂದು, ರೇಡಿಯೋದಲ್ಲಿ ಬೇಸ್‌ಬಾಲ್ ಕೇಳುತ್ತಿದ್ದೆ, ನಡುವೆ ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಬಂತು ಅಂತ ಬಹಳ ವರ್ಷ ನಂಬಿದ್ದರು. ಡಿಸೆಂಬರಿನಲ್ಲಿ ಅಲ್ಲಿ ಬೇಸ್‌ಬಾಲ್ ಆಡುವುದೇ ಇಲ್ಲ ಅಂತ ಹೊಳೆದದ್ದು ದೊಡ್ಡವರಾದ ಎಷ್ಟೋ ಕಾಲಕ್ಕೆ. (ಆ ದಿನ ನಡೆದದ್ದು ಫುಟ್‌ಬಾಲ್ ಪಂದ್ಯ, ಬೇಸ್‌ಬಾಲ್ ತಂಡಗಳ ಹೆಸರೇ ಇದ್ದ ಎರಡು ಫುಟ್‌ಬಾಲ್ ತಂಡಗಳು ಆಡಿದ್ದವು ಅಂತ ಬೇರೆಯವರು ಆಮೇಲೆ ಹುಡುಕಿದರು. ನೆನಪು ಗಾಳಿಯಿಂದ ಹುಟ್ಟಿರಲಿಲ್ಲ, ಪಕ್ಕದ ಗೂಟಕ್ಕೆ ಕಟ್ಟಿಕೊಂಡಿತ್ತು ಅಷ್ಟೆ.)

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಆಕಾಶದಲ್ಲೇ ಒಡೆದುಹೋಯಿತು. ಏಳು ಜನ ಸತ್ತರು, ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ. ಮರುದಿನ ಬೆಳಿಗ್ಗೆಯೇ ನೈಸರ್ ಮತ್ತು ನಿಕೋಲ್ ಹಾರ್ಶ್ 106 ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು ಬರೆಸಿಕೊಂಡರು. ಸುದ್ದಿ ಕೇಳಿದಾಗ ಎಲ್ಲಿದ್ದೆ, ಏನು ಮಾಡುತ್ತಿದ್ದೆ, ಯಾರು ಹೇಳಿದರು, ಇಂಥವೇ. ಕಾಗದ ಎತ್ತಿಟ್ಟರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಹುಡುಕಿ ಅದೇ ಪ್ರಶ್ನೆಗಳನ್ನು ಕೇಳಿದರು.

ಒಬ್ಬಳ ಕತೆ ಹೇಳುತ್ತೇನೆ, ನಿನ್ನ ಉಪ್ಪಿಟ್ಟಿಗೆ ಹತ್ತಿರದ್ದು. ಮರುದಿನ ಬರೆದದ್ದರ ಪ್ರಕಾರ ಅವಳು ಧರ್ಮಶಾಸ್ತ್ರದ ಕ್ಲಾಸಿನಲ್ಲಿದ್ದಳು, ಒಳಗೆ ಬಂದ ಕೆಲವರು ಆ ಮಾತು ತೆಗೆದರು, ಕ್ಲಾಸು ಮುಗಿದ ಮೇಲೆ ರೂಮಿಗೆ ಹೋಗಿ ಟಿವಿ ನೋಡಿದಳು. ಎರಡೂವರೆ ವರ್ಷದ ಮೇಲೆ ಕ್ಲಾಸು ಮಾಯ. ಹಾಸ್ಟೆಲ್ ರೂಮಿನಲ್ಲಿ ಗೆಳತಿಯ ಜೊತೆ ಕೂತು ಟಿವಿ ನೋಡುತ್ತಿದ್ದಾಗ ಸುದ್ದಿ ಬಂತು, ಇಬ್ಬರೂ ದಂಗಾದೆವು, ಮಹಡಿ ಮೇಲಿನ ಗೆಳತಿಯ ಹತ್ತಿರ ಹೋದೆ, ಮನೆಗೆ ಫೋನ್ ಮಾಡಿದೆ ಅಂತ ಬರೆದಳು. ಇದರಲ್ಲಿ ಟಿವಿ ಸುಳ್ಳಲ್ಲ, ಅದು ಎರಡನೆಯದಾಗಿ ನಡೆದದ್ದು. ಮೊದಲ ಸಲ ಕಿವಿಗೆ ಬಿದ್ದದ್ದು ಸಪ್ಪೆ, ಆಮೇಲೆ ಕಣ್ಣಾರೆ ಕಂಡದ್ದು ಗಾಢ. ಗಾಢವಾದದ್ದು ಸರಿದು ಬಂದು ಮೊದಲನೆಯದರ ಜಾಗದಲ್ಲಿ ಕೂತಿತು. ಇವಳೊಬ್ಬಳೇ ಅಲ್ಲ. ಟಿವಿಯಲ್ಲೇ ಮೊದಲು ತಿಳಿಯಿತು ಅಂದವರು ಮರುದಿನ ನೂರಕ್ಕೆ 21 ಇದ್ದದ್ದು ಎರಡನೇ ಸಲಕ್ಕೆ 45 ಆಗಿದ್ದರು.

ಉತ್ತರಗಳು ಎಷ್ಟು ತಾಳೆಯಾಗುತ್ತವೆ ಅಂತ 7 ಅಂಕಕ್ಕೆ ತೂಗಿದರೆ ಸರಾಸರಿ ಮೂರನ್ನೂ ಮುಟ್ಟಲಿಲ್ಲ. 11 ಮಂದಿಗೆ ಸೊನ್ನೆ, ಪೂರ್ತಿ ಅಂಕ ಬಂದದ್ದು ಮೂವರಿಗೆ. ಆದರೆ ನಿನಗೆಷ್ಟು ಖಾತ್ರಿ ಅಂತ 5ಕ್ಕೆ ಕೇಳಿದರೆ ಸರಾಸರಿ 4 ದಾಟಿತ್ತು. ಕೊನೆಗೆ ಅವರವರ ಕೈಬರಹದ ಹಳೇ ಕಾಗದವನ್ನೇ ಮುಂದಿಟ್ಟರು. ಓಹೋ, ಈಗ ನೆನಪಾಯಿತು ಅಂತ ಯಾರಾದರೂ ಅನ್ನುತ್ತಾರೆ ಅಂತ ನೈಸರ್ ಕಾದಿದ್ದರು. ಯಾರೂ ಅನ್ನಲಿಲ್ಲ. ಅಕ್ಷರ ತಮ್ಮದೇ ಅಂತ ಒಪ್ಪಿದರು, ಆದರೂ ಕಣ್ಣೆದುರು ಬರುತ್ತಿದ್ದದ್ದು ಹೊಸ ಚಿತ್ರವೇ.

ನಿನಗೆ ಒಂದು ಅನುಮಾನ ಬರಬೇಕು. ಯಾವ ನೆನಪಾದರೂ ಸವೆಯುತ್ತದಲ್ಲ, ಇದರಲ್ಲೇನು ವಿಶೇಷ? ಅದನ್ನೂ ನೋಡಿದ್ದಾರೆ. 2001ರ ಸೆಪ್ಟೆಂಬರ್ 12ರಂದು ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಟಾಲರಿಕೋ, ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ಎರಡೆರಡು ನೆನಪು ಬರೆಸಿಕೊಂಡರು. ಒಂದು ಹಿಂದಿನ ದಿನ ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲಾದ ದಾಳಿಯ ಸುದ್ದಿ ಕೇಳಿದ್ದು, ಇನ್ನೊಂದು ಆ ವಾರದ್ದೇ ಯಾವುದಾದರೂ ಮಾಮೂಲಿ ಸಂಗತಿ. ವಾರಗಳು ಕಳೆದ ಮೇಲೆ ನೋಡಿದರೆ ಎರಡೂ ಒಂದೇ ಸಮ ಸವೆದಿದ್ದವು. ವ್ಯತ್ಯಾಸವಿದ್ದದ್ದು ನಂಬಿಕೆಯಲ್ಲಿ. ಮಾಮೂಲಿ ನೆನಪಿನ ಬಗ್ಗೆ ‘ಹಾಗಿತ್ತೇನೋ’ ಅನ್ನಲು ಶುರುಮಾಡಿದ್ದರು, ದಾಳಿಯ ದಿನದ ಬಗ್ಗೆ ಮಾತ್ರ ಗಟ್ಟಿದನಿ ಇಳಿದಿರಲಿಲ್ಲ. ಅಂದರೆ ಆಘಾತ ಉಳಿಸಿಕೊಡುವುದು ವಿವರವನ್ನಲ್ಲ, ಹೊಳಪನ್ನು. ನಾವು ಬರೆಯುವವರಿಗೆ ಇದು ಬಲು ಇಕ್ಕಟ್ಟಿನ ಮಾತು. ಯಾಕೆಂದರೆ ಯಾವುದು ಹೊಳೆಯುತ್ತದೋ ಅದನ್ನೇ ನಾವು ಪುಟಕ್ಕೆ ಆರಿಸಿಕೊಳ್ಳುವುದು.

ಹಾಗಂತ ಎಲ್ಲವೂ ಕಲಸಿಹೋಗುತ್ತದೆ ಅಂತಲೂ ತಿಳಿಯಬೇಡ. ಅಪ್ಪು ಹೋದದ್ದು, ನಿನ್ನ ಮನೆ ಸ್ತಬ್ಧವಾದದ್ದು ನಿನಗೆ ತಪ್ಪಾಗಿ ನೆನಪಿಲ್ಲ. ಜಾರುವುದು ಯಾವಾಗ, ಎಲ್ಲಿ, ಯಾರ ಬಾಯಿಂದ ಅನ್ನುವ ಸುತ್ತುಗಟ್ಟು. ಅದೂ ಹೆಚ್ಚಾಗಿ ಮೊದಲ ವರ್ಷದಲ್ಲೇ. ಆಮೇಲೆ ಕತೆ ಹೆಪ್ಪುಗಟ್ಟುತ್ತದೆ, ತಪ್ಪು ಸೇರಿದ್ದರೆ ತಪ್ಪೂ ಸೇರಿಕೊಂಡೇ. ಅವೇ ದಾಳಿಗಳ ನೆನಪನ್ನು ಹತ್ತು ವರ್ಷ ಹಿಂಬಾಲಿಸಿದ ವಿಲಿಯಂ ಹರ್ಸ್ಟ್ ಮತ್ತು ಜೊತೆಗಾರರಿಗೆ ಕಂಡದ್ದು ಇದೇ.

ಇಷ್ಟು ಖಂಡಿತವಾಗಿ ಹೇಳುತ್ತಿರುವುದು ನಾನೂ ಸಿಕ್ಕಿಬಿದ್ದವನಾದ್ದರಿಂದ. 1984ರ ಅಕ್ಟೋಬರ್ 31, ಇಂದಿರಾ ಗಾಂಧಿ ಹತ್ಯೆಯಾದ ದಿನ, ನಾನು ಪಿಯುಸಿ. ಬೆಳಿಗ್ಗೆ ಕಾಲೇಜಿನೆದುರಿನ ಹೋಟೆಲಲ್ಲಿ ಕಾಫಿ ಕುಡಿಯುತ್ತಿದ್ದೆ, ಗಲ್ಲಾದ ಮೇಲಿನ ರೇಡಿಯೋದಲ್ಲಿ ಹಾಡು ತಟ್ಟನೆ ನಿಂತಿತು, ಪ್ರಧಾನಿ ಇನ್ನಿಲ್ಲ ಅಂದರು, ಲೋಟ ಕೈಯಿಂದ ಜಾರಿ ಪಂಚೆಯ ಮೇಲೆ ಕಾಫಿ ಚೆಲ್ಲಿತು. ಮೂವತ್ತು ವರ್ಷ ಹೀಗೇ ಹೇಳಿದೆ, ಎರಡು ಕಡೆ ಬರೆದೆ, ಒಂದು ಅಚ್ಚೂ ಆಯಿತು. ಆಮೇಲೊಂದು ದಿನ ಅಕ್ಕ ಟ್ರಂಕು ತೆಗೆದಾಗ ನಾನವಳಿಗೆ ಬರೆದ ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು. ತಾರೀಕು 1-11-84. ಅದರಲ್ಲಿ ಹೋಟೆಲೂ ಇಲ್ಲ, ಲೋಟವೂ ಇಲ್ಲ. ಕ್ಲಾಸಿಗೆ ಜವಾನ ಚೀಟಿ ತಂದ, ಕಾಲೇಜಿಗೆ ರಜೆ ಅಂದರು, ಯಾಕೆಂದು ಯಾರೂ ಸರಿಯಾಗಿ ಹೇಳಲಿಲ್ಲ, ಗುಂಡು ಹೊಡೆದಿದ್ದಾರಂತೆ ಅಂತ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಅಂದರು, ಸಂಜೆ ಪಕ್ಕದ ಮನೆಯ ರೇಡಿಯೋದಲ್ಲಿ ಕೇಳಿದ ಮೇಲೆ ನಂಬಿದೆವು. ಗುಂಡು ಹಾರಿದ್ದು ಬೆಳಿಗ್ಗೆಯಾದರೂ ಆಕಾಶವಾಣಿ ಸಾವನ್ನು ಘೋಷಿಸಿದ್ದು ಸಂಜೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ, ನನ್ನ ಲೋಟದ ಪಕ್ಕ ಅದನ್ನಿಟ್ಟು ನೋಡಬೇಕು ಅಂತ ಮಾತ್ರ ಯಾವತ್ತೂ ಅನಿಸಿರಲಿಲ್ಲ.

ಹಾಗಾಗಿ ನಿನಗೆ ಮೊದಲ ಕೆಲಸ: ವಾಟ್ಸಾಪ್ ತೆಗೆದು 2021ರ ಆ ಶುಕ್ರವಾರಕ್ಕೆ ಹೋಗು. ನನಗೆ ಟ್ರಂಕಿನಲ್ಲಿ ಸಿಕ್ಕಿದ್ದು ನಿನ್ನ ಫೋನಿನಲ್ಲಿ ಗಂಟೆ ನಿಮಿಷದ ಸಮೇತ ಇರುತ್ತದೆ. ಯಾರು ಮೊದಲು ಕಳಿಸಿದರು, ನೀನೇನಂದೆ, ಆಗ ನೀನೆಲ್ಲಿದ್ದೆ ನೋಡು. ಅಮ್ಮನನ್ನೂ ಕೇಳು, ಆದರೆ ಪ್ರಬಂಧ ಓದಿ ಹೇಳಿದ ಮೇಲಲ್ಲ, ಅದಕ್ಕೆ ಮುಂಚೆ. ‘ಸೌಟು ಹಿಡಿದು ನಿಂತಿದ್ದೆ ಅಲ್ವಾ ಅಮ್ಮ’ ಅಂದರೆ ಅವರು ಹೂಂ ಅನ್ನುತ್ತಾರೆ, ನಾಳೆಯಿಂದ ಆ ಸೌಟು ಅವರ ನೆನಪಿನಲ್ಲೂ ಇರುತ್ತದೆ. ‘ಅವತ್ತು ನಿಂಗೆ ಹೇಗೆ ಗೊತ್ತಾಯ್ತು’ ಅಂತಷ್ಟೇ ಕೇಳಿ ಸುಮ್ಮನಿರು.

ಎರಡೂ ಹೊಂದದಿದ್ದರೆ ಆ ಪುಟ ಹರಿದುಹಾಕುವುದು ಬೇಡ. ಉಪ್ಪಿಟ್ಟು ಶನಿವಾರದ್ದಾದರೆ ಶನಿವಾರಕ್ಕೇ ಹಾಕು, ಶುಕ್ರವಾರ ಮಧ್ಯಾಹ್ನಕ್ಕೆ ಸಿಕ್ಕಿದ್ದನ್ನು ಎಷ್ಟೇ ಸಪ್ಪೆಯಿರಲಿ ಹಾಗೇ ಬರೆ. ಏನೂ ಸಿಗದಿದ್ದರೆ ‘ನನ್ನ ನೆನಪು ಹೀಗಿದೆ, ಆದರೆ ಗಂಟೆ ಹೊಂದುವುದಿಲ್ಲ’ ಅಂತ ಒಂದೇ ಸಲ ಹೇಳಿ ಮುಂದೆ ಹೋಗು. ಪ್ರತಿ ಸಾಲಿಗೂ ‘ಬಹುಶಃ’ ಸೇರಿಸಿದರೆ ಓದುವವರಿಗೆ ಬೇಸರ. ವಾಟ್ಸಾಪಿನದೂ ವೇದವಾಕ್ಯವಲ್ಲ. ಅದು ಹತ್ತಿರದ ಸಾಕ್ಷಿ, ಅಷ್ಟೆ. ನಾನು ಅಕ್ಕನಿಗೆ ಬರೆದದ್ದರಲ್ಲೂ ಒಂದಿಷ್ಟು ಬೊಗಳೆ ಇದ್ದಿರಬಹುದು.

ಆ ಕಾಗದದ ಕೊನೆಯ ನಾಲ್ಕು ಸಾಲು ಇನ್ನೂ ಯಾರಿಗೂ ಹೇಳಿಲ್ಲ. ಮರುದಿನ ರಾಜ್ಯೋತ್ಸವಕ್ಕೆ ನಾನು ವೇದಿಕೆಯ ಮೇಲೆ ಹಾಡಬೇಕಿತ್ತಂತೆ. ಕಾರ್ಯಕ್ರಮ ರದ್ದಾಯಿತು, ಅದಕ್ಕೆಂದೇ ಹೊಲಿಸಿದ ಅಂಗಿ ದಂಡವಾಯಿತು ಅಂತ ಅಕ್ಕನ ಹತ್ತಿರ ಗೋಳು ತೋಡಿಕೊಂಡಿದ್ದೇನೆ. ಇಂದಿರಾ ಗಾಂಧಿಯವರಿಗೆ ಮೂರು ಸಾಲು, ಅಂಗಿಗೆ ನಾಲ್ಕು. ಆ ಅಂಗಿಯ ಬಣ್ಣ ಯಾವುದಿತ್ತು ಅಂತ ಎಷ್ಟು ತಿಣುಕಿದರೂ ಹೊಳೆಯುವುದಿಲ್ಲ. ಹೋಟೆಲಿನ ಆ ಸ್ಟೀಲ್ ಲೋಟ ಮಾತ್ರ ಈಗಲೂ, ಇದನ್ನು ಬರೆಯುವಾಗಲೂ, ಪಳಪಳ ಹೊಳೆಯುತ್ತಿದೆ.

ಅಮ್ಮ ಏನಂದರು ಅಂತ ಬರೆ.

ನಿನ್ನ ಅಣ್ಣ